ಒಂಟಿ ಕಲ್ಲಿನ ವಜ್ರದ ಓಲೆ: ಜೋಡಿ ಹೊಂದಿಸುವುದು, ತೂಕ ಅರಿಯುವುದು, ಕಲ್ಲು ಕಾಪಾಡುವುದು

ಅಂಗಡಿಯಲ್ಲಿ ಒಂಟಿ ಕಲ್ಲಿನ ಓಲೆಯ ಚೀಟಿಯ ಮೇಲೆ 1.00 ಕ್ಯಾರೆಟ್ ಅಂತ ಬರೆದಿದ್ದರೆ, ಅದು ಒಂದೊಂದು ಕಲ್ಲಿನ ತೂಕ ಅಲ್ಲ. ಎರಡೂ ಕಿವಿಯ ಕಲ್ಲು ಸೇರಿಸಿದ ಒಟ್ಟು ತೂಕ. ಓಲೆಗಳನ್ನು ಸಾಮಾನ್ಯವಾಗಿ ಹೀಗೇ ಮಾರುತ್ತಾರೆ, ಅದರಲ್ಲಿ ಮೋಸ ಏನೂ ಇಲ್ಲ. ಆದರೆ ಆ ಒಂದು ಅಂಕಿ ನೋಡಿ ಎರಡು ಅಂಗಡಿಯ ಬೆಲೆ ಹೋಲಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಒಟ್ಟು ಒಂದು ಕ್ಯಾರೆಟ್‌ನ ಒಂದು ಜೋಡಿಯನ್ನೇ ಉದಾಹರಣೆಗೆ ಇಟ್ಟುಕೊಂಡು, ಅಂಗಡಿಯ ಬಾಗಿಲಿನಿಂದ ಮನೆಯ ಕನ್ನಡಿಯವರೆಗೆ ಏನೇನು ನೋಡಬೇಕು ಅಂತ ಹೇಳುತ್ತೇನೆ. 18 ಕ್ಯಾರೆಟ್ ಹಳದಿ ಚಿನ್ನ, ದುಂಡು ಕಲ್ಲು, ದಿನವೂ ಹಾಕಿಕೊಳ್ಳುವ ಓಲೆ ಅಂತ ಇಟ್ಟುಕೊಳ್ಳೋಣ.

ಮೊದಲು ಕೇಳಬೇಕಾದದ್ದು: ಒಂದೊಂದು ಕಲ್ಲು ಎಷ್ಟು?

ವಜ್ರದ ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಅದನ್ನು ನೂರು ಭಾಗ ಮಾಡಿ ಒಂದೊಂದಕ್ಕೂ ಸೆಂಟ್ ಅನ್ನುತ್ತಾರೆ. ನಮ್ಮ ಜೋಡಿಯಲ್ಲಿ 50 ಸೆಂಟಿನ ಒಂದು ಕಲ್ಲು, 51 ಸೆಂಟಿನ ಇನ್ನೊಂದು ಇದ್ದರೆ ಒಟ್ಟು 1.01. ಒಂದು ಕಡೆ 55, ಇನ್ನೊಂದು ಕಡೆ 46 ಇದ್ದರೂ ಒಟ್ಟು 1.01 ತಾನೇ? ಚೀಟಿಯ ಮೇಲೆ ಎರಡೂ ಒಂದೇ. ಕಿವಿಯಲ್ಲಿ ಬೇರೆ. ಆದ್ದರಿಂದ ಒಟ್ಟು ತೂಕ ಕೇಳಿದ ಕೂಡಲೇ ಪ್ರತಿ ಕಲ್ಲಿನ ತೂಕವನ್ನೂ ಕೇಳಿ ಬರೆದುಕೊಳ್ಳಿ.

ಬೆಲೆಯ ವಿಷಯವೂ ಇಲ್ಲೇ ಬರುತ್ತದೆ. ವಜ್ರದ ದರ ಚಿನ್ನದ ದರದ ಹಾಗೆ ತೂಕಕ್ಕೆ ಸರಿಯಾಗಿ ಏರುವುದಿಲ್ಲ. ಕಲ್ಲು ದೊಡ್ಡದಾದಷ್ಟೂ ಪ್ರತಿ ಕ್ಯಾರೆಟ್‌ನ ದರವೇ ಏರುತ್ತದೆ. ಮೂವತ್ತು ಸೆಂಟು, ಐವತ್ತು ಸೆಂಟು, ಎಪ್ಪತ್ತು ಸೆಂಟು, ಒಂದು ಕ್ಯಾರೆಟ್ ಇಂಥ ಗಡಿಗಳಲ್ಲಿ ದರ ಒಮ್ಮೆಗೇ ಜಿಗಿಯುತ್ತದೆ. ಅದಕ್ಕೇ ಅರ್ಧರ್ಧ ಕ್ಯಾರೆಟ್‌ನ ಎರಡು ಕಲ್ಲಿನ ಬೆಲೆ, ಅದೇ ಗುಣದ ಒಂದು ಕ್ಯಾರೆಟ್‌ನ ಒಂದೇ ಕಲ್ಲಿಗಿಂತ ತುಂಬಾ ಕಡಿಮೆ. ಉಂಗುರದ ಒಂದು ಕ್ಯಾರೆಟ್ ಬೆಲೆಯನ್ನು ತಲೆಯಲ್ಲಿಟ್ಟುಕೊಂಡು ಓಲೆಗೆ ಚೌಕಾಸಿ ಮಾಡಲು ಕೂರಬೇಡಿ.

ನಮ್ಮ ಕಡೆಯ ಏಳು ಕಲ್ಲಿನ ಬೆಂಡೋಲೆ ಜೊತೆ ಹೋಲಿಸುವಾಗಲೂ ಇದನ್ನು ನೆನಪಿಡಿ. ನಡುವೆ ಒಂದು, ಸುತ್ತ ಆರು, ಎರಡು ಕಿವಿಗೆ ಹದಿನಾಲ್ಕು ಕಲ್ಲು. ಒಟ್ಟು ಒಂದು ಕ್ಯಾರೆಟ್ ಇದ್ದರೆ ಒಂದೊಂದು ಕಲ್ಲು ಸರಾಸರಿ ಏಳು ಸೆಂಟು. ಕಿವಿ ತುಂಬಾ ಕಾಣುತ್ತದೆ, ಆದರೆ ಸಣ್ಣ ಕಲ್ಲಿನ ದರವೇ ಬೇರೆ. ಬೆಂಡೋಲೆಯ ಒಂದು ಕ್ಯಾರೆಟ್‌ಗೂ ಒಂಟಿ ಕಲ್ಲಿನ ಒಂದು ಕ್ಯಾರೆಟ್‌ಗೂ ಒಂದೇ ದರ ಹೇಳುವವರ ಹತ್ತಿರ ಕಾರಣ ಕೇಳಿ.

ಕಣ್ಣು ನೋಡುವುದು ತೂಕವನ್ನಲ್ಲ, ಅಗಲವನ್ನು

ಜೋಡಿ ಹೊಂದಿಸುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮಿಲಿಮೀಟರ್ ಲೆಕ್ಕ. ಚೆನ್ನಾಗಿ ಕಟ್ ಮಾಡಿದ 50 ಸೆಂಟಿನ ದುಂಡು ಕಲ್ಲಿನ ಅಗಲ ಸುಮಾರು 5.1 ಮಿಲಿಮೀಟರ್ ಇರುತ್ತದೆ. ಒಂದು ಕ್ಯಾರೆಟ್ ಕಲ್ಲಿನದು ಸುಮಾರು 6.4ರಿಂದ 6.5. ತೂಕ ಎರಡರಷ್ಟಾದರೂ ಅಗಲ ಕಾಲು ಭಾಗದಷ್ಟೇ ಹೆಚ್ಚು.

ಒಂದೇ ತೂಕದ ಎರಡು ಕಲ್ಲು ಒಂದೇ ಅಗಲ ಇರಬೇಕು ಅಂತೇನೂ ಇಲ್ಲ. ಕಲ್ಲನ್ನು ಆಳವಾಗಿ ಕಟ್ ಮಾಡಿದರೆ ತೂಕ ಕೆಳಗೆ ಅಡಗಿ ಕೂರುತ್ತದೆ, ಮೇಲಿನಿಂದ ಸಣ್ಣದಾಗಿ ಕಾಣುತ್ತದೆ. ದುಂಡು ಕಲ್ಲಿನ ತೂಕವನ್ನು ಅಳತೆಯಿಂದ ಅಂದಾಜು ಮಾಡಲು ಕಸುಬಿನವರು ಈ ಸೂತ್ರ ಬಳಸುತ್ತಾರೆ. ಅಗಲ, ಆಳ ಎರಡೂ ಮಿಲಿಮೀಟರ್‌ನಲ್ಲಿ:

```
ತೂಕ (ಕ್ಯಾರೆಟ್) = ಅಗಲ × ಅಗಲ × ಆಳ × 0.0061
```

ಇದರಲ್ಲಿ ಲೆಕ್ಕ ಹಾಕಿ ನೋಡೋಣ. 50 ಸೆಂಟಿನ ಎರಡು ಕಲ್ಲು ಇವೆ. ಮೊದಲನೆಯದರ ಆಳ ಅಗಲದ 60.5 ಶೇಕಡಾ. ಅದರ ಅಗಲ ಸುಮಾರು 5.14 ಮಿಲಿಮೀಟರ್ ಬರುತ್ತದೆ. ಎರಡನೆಯದರ ಆಳ 66 ಶೇಕಡಾ. ಅದರ ಅಗಲ ಸುಮಾರು 4.99. ಅಂಚು ದಪ್ಪ ಇದ್ದರೆ ಇನ್ನೂ ಕಡಿಮೆ. ತಕ್ಕಡಿಯಲ್ಲಿ ಅವಳಿ, ಆದರೆ ಪಕ್ಕಪಕ್ಕ ಇಟ್ಟರೆ ಒಂದು ಸಣ್ಣದು. ಮೇಲೆ ಹೇಳಿದ 55 ಮತ್ತು 46 ಸೆಂಟಿನ ಜೋಡಿಯಲ್ಲಂತೂ, ಎರಡರ ಕಟ್ ಒಂದೇ ಇದ್ದರೂ ಅಗಲದ ವ್ಯತ್ಯಾಸ ಸುಮಾರು 0.3 ಮಿಲಿಮೀಟರ್. ಫೋಟೋದಲ್ಲಿ ಎದುರಿನಿಂದ ಮುಖ ಬಂದಾಗ ಕಾಣುವಷ್ಟು.

ಎರಡು ಕಲ್ಲಿನ ಅಗಲದ ವ್ಯತ್ಯಾಸ 0.1 ಮಿಲಿಮೀಟರ್ ಒಳಗಿರಲಿ. ಅಷ್ಟಿದ್ದರೆ ಎರಡು ಮೂರು ಸೆಂಟಿನ ತೂಕದ ವ್ಯತ್ಯಾಸ ಇದ್ದರೂ ಚಿಂತೆ ಬೇಡ. ಕಲ್ಲಿನ ಮೇಲಿನ ಚಪ್ಪಟೆ ಭಾಗಕ್ಕೆ ಟೇಬಲ್ ಅನ್ನುತ್ತಾರೆ. ಅದರ ಶೇಕಡಾವಾರು ಅಳತೆ ಸರ್ಟಿಫಿಕೇಟ್‌ನಲ್ಲಿ ಇರುತ್ತದೆ. ಒಂದರದು 55, ಇನ್ನೊಂದರದು 62 ಇದ್ದರೆ ಅಗಲ ಒಂದೇ ಇದ್ದರೂ ಹೊಳಪಿನ ಬಗೆ ಬೇರೆಯಾಗುತ್ತದೆ. ಇವೂ ಹತ್ತಿರ ಹತ್ತಿರ ಇರಲಿ.

ಬಣ್ಣ, ಹೊಳಪು ಹೊಂದಿಸುವುದು

ವಜ್ರದ ಬಣ್ಣವನ್ನು ಡಿ ಇಂದ ಝಡ್‌ವರೆಗೆ ಅಕ್ಷರಗಳಲ್ಲಿ ಹೇಳುತ್ತಾರೆ. ಡಿ ಅಂದರೆ ಬಣ್ಣವೇ ಇಲ್ಲದ್ದು, ಮುಂದೆ ಹೋದಂತೆ ಹಳದಿ ಛಾಯೆ ಜಾಸ್ತಿ. ಓಲೆಗೆ ಡಿ, ಇ ಹುಡುಕಿ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಕಿವಿಯ ಕಲ್ಲನ್ನು ಯಾರೂ ಉಂಗುರದ ಕಲ್ಲಿನಷ್ಟು ಹತ್ತಿರದಿಂದ ನೋಡುವುದಿಲ್ಲ. ಸುತ್ತ ಹಳದಿ ಚಿನ್ನ ಇದ್ದಾಗ ಜಿ, ಎಚ್, ಐ ಬಣ್ಣದ ಕಲ್ಲೂ ಬೆಳ್ಳಗೇ ಕಾಣುತ್ತದೆ. ಆದರೆ ಎರಡೂ ಕಲ್ಲು ಒಂದೇ ಅಕ್ಷರದವು ಇರಲಿ, ಹೆಚ್ಚೆಂದರೆ ಒಂದು ಮೆಟ್ಟಿಲು ಆಚೀಚೆ.

ಕಲ್ಲಿನೊಳಗಿನ ಕಲೆಗಳ ದರ್ಜೆಯಲ್ಲಿ ಇನ್ನೂ ಸಡಿಲ ಇರಬಹುದು. ಒಂದು ವಿಎಸ್1, ಇನ್ನೊಂದು ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿನ ವಿಎಸ್2 ಅಥವಾ ಎಸ್ಐ1 ಇದ್ದರೂ, ಬರಿಗಣ್ಣಿಗೆ ಕಲೆ ಕಾಣದಿದ್ದರೆ ಜೋಡಿ ಕೆಡುವುದಿಲ್ಲ. ಹಾಗೆ ಉಳಿಸಿದ ಹಣವನ್ನು ಕಟ್‌ಗೆ ಹಾಕಿ. ವಜ್ರ ಪರೀಕ್ಷಿಸುವ ಜಿಐಎ ಸಂಸ್ಥೆಯ ಸರ್ಟಿಫಿಕೇಟ್‌ನಲ್ಲಿ ದುಂಡು ಕಲ್ಲಿಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಕಟ್ ದರ್ಜೆ ಕೊಟ್ಟಿರುತ್ತಾರೆ. ದೂರದಿಂದ ಕಲ್ಲು ಮಿನುಗುವುದು ಕಟ್‌ನಿಂದ. ಒಂದು ಎಕ್ಸಲೆಂಟ್, ಒಂದು ಗುಡ್ ಸೇರಿದ ಜೋಡಿ ಬೇಡವೇ ಬೇಡ.

ಮರೆತುಹೋಗುವ ಒಂದು ಸಂಗತಿ ಫ್ಲೋರಸೆನ್ಸ್. ಕೆಲವು ವಜ್ರಗಳು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ದಕ್ಷಿಣದಲ್ಲಿ ಹಳೆಯ ಮನೆತನದವರು ಬ್ಲೂ ಜಾಗರ್ ಅಂತ ಮೆಚ್ಚಿಕೊಳ್ಳುವ ನೀಲಿ ಛಾಯೆಯ ಕಲ್ಲು ಇದೇ ಜಾತಿಯದು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದ ಹೆಸರು ಅದು. ಎರಡೂ ಕಲ್ಲಿಗೆ ಈ ಗುಣ ಇದ್ದರೆ ಚೆಂದವೇ. ಸರ್ಟಿಫಿಕೇಟಿನಲ್ಲಿ ಒಂದಕ್ಕೆ ಸ್ಟ್ರಾಂಗ್, ಅಂದರೆ ಜೋರು, ಇನ್ನೊಂದಕ್ಕೆ ನನ್, ಅಂದರೆ ಇಲ್ಲವೇ ಇಲ್ಲ, ಅಂತ ಇದ್ದರೆ, ಅಂಗಡಿಯ ದೀಪದ ಕೆಳಗೆ ಒಂದೇ ಥರ ಕಂಡ ಜೋಡಿ ಬಿಸಿಲಿಗೆ ಬಂದಾಗ ಬೇರೆಬೇರೆ ಕಾಣಬಹುದು.

ಅಂಗಡಿಯಲ್ಲಿ ಪರೀಕ್ಷೆ ಹೀಗೆ ಮಾಡಿ. ಕಲ್ಲು ಬಿಡಿಯಾಗಿದ್ದರೆ, ಎರಡನ್ನೂ ಮಡಿಸಿದ ಬಿಳಿ ಕಾಗದದ ಮೇಲೆ ಮುಖ ಕೆಳಗೆ ಮಾಡಿ ಪಕ್ಕಪಕ್ಕ ಇಡಲು ಹೇಳಿ. ಬಣ್ಣದ ವ್ಯತ್ಯಾಸ ಹೀಗೆ ಪಕ್ಕದಿಂದ ನೋಡಿದಾಗಲೇ ಸಿಕ್ಕಿಬೀಳುವುದು. ಆಮೇಲೆ ಎಡಬಲ ಅದಲುಬದಲು ಮಾಡಿಸಿ ಮತ್ತೆ ನೋಡಿ. ಯಾವ ಬದಿಗೆ ಇಟ್ಟರೂ ಅದೇ ಕಲ್ಲು ಹಳದಿ ಕಂಡರೆ ವ್ಯತ್ಯಾಸ ನಿಜ. ಜಾಗ ಬದಲಾದಾಗ ಅದೂ ಬದಲಾದರೆ ಅದು ಬೆಳಕಿನ ಆಟ. ಕೊನೆಗೆ ಬಾಗಿಲ ಹತ್ತಿರ, ಹಗಲು ಬೆಳಕಿಗೆ ತಂದು ಮುಖದಿಂದ ಒಂದು ಮೊಳ ದೂರ ಹಿಡಿದು ನೋಡಿ. ಶೋಕೇಸಿನ ದೀಪದಲ್ಲಿ ಸಾಧಾರಣ ಕಲ್ಲೂ ಕುಣಿಯುತ್ತದೆ. ಆ ದೀಪ ನಿಮ್ಮ ಜೊತೆ ಮನೆಗೆ ಬರುವುದಿಲ್ಲ.

ಸರ್ಟಿಫಿಕೇಟ್ ಎರಡು ಬಗೆ

ಬಿಡಿ ಕಲ್ಲನ್ನು ಪರೀಕ್ಷಿಸಿ ಕೊಡುವ ಸರ್ಟಿಫಿಕೇಟ್ ಒಂದು ಬಗೆ. ಅದರಲ್ಲಿ ನಿಖರ ತೂಕ, ಅಳತೆ, ಬಣ್ಣ, ಕಟ್ ಎಲ್ಲ ಇರುತ್ತದೆ. ಇನ್ನೊಂದು ಬಗೆ, ಓಲೆಗೆ ಕಲ್ಲು ಕೂರಿಸಿದ ಮೇಲೆ ಇಡೀ ಒಡವೆಗೆ ಕೊಡುವುದು. ಕಲ್ಲು ಚಿನ್ನದಲ್ಲಿ ಕೂತ ಮೇಲೆ ತೂಗಲು ಆಗುವುದಿಲ್ಲ, ಅದಕ್ಕೇ ಅಲ್ಲಿನ ತೂಕ ಅಂದಾಜಿನದ್ದು, ಇಲ್ಲವೇ ಅಂಗಡಿಯವರು ಹೇಳಿದ್ದು ಆಗಿರಬಹುದು. ಬಣ್ಣವನ್ನು ಜಿ-ಎಚ್ ಅಂತ ಜೊತೆಯಾಗಿ ಬರೆದಿರುತ್ತಾರೆ. ಎಡಗಡೆಯದು ಯಾವುದು, ಬಲಗಡೆಯದು ಯಾವುದು ಅಂತ ಗೊತ್ತಾಗುವುದಿಲ್ಲ.

ಹತ್ತು ಹದಿನೈದು ಸೆಂಟಿನ ಸಣ್ಣ ಕಲ್ಲಿಗೆ ಎರಡನೆಯ ಬಗೆ ಸಾಕು. ಬಿಡಿ ಸರ್ಟಿಫಿಕೇಟ್ ಖರ್ಚು ಅಷ್ಟಕ್ಕೆ ಭಾರವಾಗುತ್ತದೆ. ಆದರೆ ಒಂದೊಂದು ಕಲ್ಲು ಮೂವತ್ತು ಸೆಂಟು ದಾಟಿದರೆ ಪ್ರತಿ ಕಲ್ಲಿಗೂ ಬೇರೆ ಸರ್ಟಿಫಿಕೇಟ್ ಕೇಳಿ. ನಮ್ಮ ಉದಾಹರಣೆಯ ಅರ್ಧ ಕ್ಯಾರೆಟ್ ಕಲ್ಲಿಗೆ ಅದಿಲ್ಲದೆ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಜಿಐಎ, ಐಜಿಐ ಎರಡೂ ಸಂಸ್ಥೆಗಳ ವರದಿಯನ್ನು ಅವರವರ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಬಹುದು. ಕಲ್ಲಿನ ಅಂಚಿನ ಮೇಲೆ ಲೇಸರ್‌ನಿಂದ ಅದೇ ನಂಬರ್ ಕೆತ್ತಿದ್ದರೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ಓದಿ ತಾಳೆ ನೋಡಿ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಾದರೆ ವರದಿಯಲ್ಲೇ ಹಾಗೆ ಬರೆದಿರುತ್ತದೆ. ಅದೂ ವಜ್ರವೇ, ಬೆಲೆ ಮಾತ್ರ ಎಷ್ಟೋ ಕಡಿಮೆ. ಬರಿಗಣ್ಣಿಗಾಗಲಿ ಲೂಪ್‌ಗಾಗಲಿ ವ್ಯತ್ಯಾಸ ಸಿಗದು. ಅಂಗಡಿಯ ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈಮಂಡ್ ಟೆಸ್ಟರ್ ಕೂಡ ಎರಡಕ್ಕೂ ವಜ್ರ ಅಂತಲೇ ತೋರಿಸುತ್ತದೆ.

ಕಲ್ಲು ಹಿಡಿದಿರುವ ಚಿನ್ನ

ಕಲ್ಲನ್ನು ಹಿಡಿಯುವ ಚಿನ್ನದ ಸಣ್ಣ ಬೆರಳುಗಳಿಗೆ ಪ್ರಾಂಗ್ ಅನ್ನುತ್ತಾರೆ. ಮೂರು ಪ್ರಾಂಗ್ ಇದ್ದರೆ ಕಲ್ಲು ದೊಡ್ಡದಾಗಿ ಕಾಣುತ್ತದೆ, ಕಿವಿಗೆ ಅಂಟಿ ಕೂರುತ್ತದೆ. ಆದರೆ ಒಂದು ಪ್ರಾಂಗ್ ಮುರಿದರೆ ಉಳಿದ ಎರಡು ಕಲ್ಲನ್ನು ಹಿಡಿಯಲಾರವು. ನಾಲ್ಕಿದ್ದರೆ ಒಂದು ಹೋದರೂ ನಿಮಗೆ ಗೊತ್ತಾಗುವವರೆಗೆ ಕಲ್ಲು ಉಳಿಯುವ ಅವಕಾಶ ಇದೆ. ದಿನವೂ ಹಾಕುವ ಅರ್ಧ ಕ್ಯಾರೆಟ್ ಕಲ್ಲಿಗೆ ನಾಲ್ಕು ಅಥವಾ ಆರು ಪ್ರಾಂಗ್ ಇರಲಿ. ಮಗು ಎತ್ತಿಕೊಳ್ಳುವವರು, ಹೆಲ್ಮೆಟ್ ಹಾಕುವವರು ಕಲ್ಲಿನ ಸುತ್ತ ಚಿನ್ನದ ಪಟ್ಟಿ ಬರುವ ಬೆಜೆಲ್ ಕಟ್ಟು ತೆಗೆದುಕೊಂಡರೆ ಇನ್ನೂ ಭದ್ರ.

ಹಳೆಯ ಕ್ರಮದಲ್ಲಿ ಕಲ್ಲಿನ ಹಿಂಬದಿಯನ್ನು ಪೂರ್ತಿ ಮುಚ್ಚುವ ಕ್ಲೋಸ್ ಸೆಟ್ಟಿಂಗ್ ಇರುತ್ತದೆ. ಗಟ್ಟಿಯಾಗೇ ಹಿಡಿಯುತ್ತದೆ. ಆದರೆ ಒಳಗೆ ನೀರು, ಸೋಪು ಸೇರಿದರೆ ಕಲ್ಲು ಮಂಕಾಗುತ್ತದೆ, ನಿಮ್ಮಿಂದ ತೊಳೆಯಲು ಆಗದು. ಹಿಂಬದಿ ತೆರೆದಿರುವುದನ್ನೇ ನಾನು ಹೇಳುತ್ತೇನೆ. ಕಲ್ಲನ್ನು ಹಿಂದಿನಿಂದಲೂ ನೋಡಬಹುದು, ತೊಳೆಯಬಹುದು.

ಓಲೆ ಕೈಗೆ ಬಂದಾಗ ಲೂಪ್‌ನಲ್ಲಿ ಪ್ರತಿ ಪ್ರಾಂಗ್ ತುದಿ ಕಲ್ಲಿಗೆ ಪೂರ್ತಿ ಅಂಟಿದೆಯಾ ನೋಡಿ. ನಡುವೆ ಕಪ್ಪು ಗೆರೆ ಕಂಡರೆ ಅಲ್ಲಿ ಸಂದು ಇದೆ ಅಂತ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಕಲ್ಲು ಅಲುಗುತ್ತಿದೆ. ಅಲ್ಲೇ ವಾಪಸ್ ಕೊಟ್ಟು ಬಿಗಿ ಮಾಡಿಸಿ.

ತಿರುಪು

ಒಂಟಿ ಕಲ್ಲಿನ ಓಲೆಯಲ್ಲಿ ಕಲ್ಲು ಉದುರುವುದರ ಜೊತೆಗೆ ಇನ್ನೊಂದು ಭಯ ಇದೆ: ತಿರುಪು ಸಡಿಲವಾಗಿ ಇಡೀ ಓಲೆಯೇ ಬೀಳುವುದು. ಒತ್ತಿ ಕೂರಿಸುವ ಪುಶ್ ಬ್ಯಾಕ್ ಹಾಕಲು ಸುಲಭ, ಆದರೆ ಹಿಡಿತ ದಿನಕಳೆದಂತೆ ಸಡಿಲವಾಗುತ್ತದೆ. ಬೆಲೆಬಾಳುವ ಕಲ್ಲಿಗೆ ತಿರುಪೇ ಸರಿ.

ತಿರುಪಿನಲ್ಲೂ ಕಡ್ಡಿ ದಪ್ಪ ಇರುವುದು, ಸಣ್ಣ ಇರುವುದು ಅಂತ ಇದೆ. ದಪ್ಪದ್ದನ್ನು ಅಂಗಡಿಗಳಲ್ಲಿ ಸೌತ್ ಸ್ಕ್ರೂ, ಸಣ್ಣದನ್ನು ಬಾಂಬೆ ಸ್ಕ್ರೂ ಅನ್ನುವುದುಂಟು. ದಪ್ಪ ಕಡ್ಡಿ ಭದ್ರ, ಬೇಗ ಬಾಗುವುದಿಲ್ಲ. ಆದರೆ ಗನ್‌ನಿಂದ ಚುಚ್ಚಿಸಿಕೊಂಡ ಸಣ್ಣ ತೂತಿಗೆ ಅದು ಹೋಗುವುದೇ ಇಲ್ಲ, ಬಲವಂತ ಮಾಡಿದರೆ ಕಿವಿ ಹುಣ್ಣಾಗುತ್ತದೆ. ಆರ್ಡರ್ ಕೊಡುವ ಮೊದಲೇ ಅಂಥ ಕಡ್ಡಿಯ ಓಲೆಯೊಂದನ್ನು ಹಾಕಿ ನೋಡಿ. ತೂತು ಎಳೆದು ಉದ್ದವಾಗಿದ್ದರೆ ಹಿಂದೆ ಅಗಲವಾದ ಬಿಲ್ಲೆಯಿರುವ ತಿರುಪು ಕೇಳಿ. ಇಲ್ಲದಿದ್ದರೆ ಕಲ್ಲು ಮುಂದಕ್ಕೆ ಬಾಗಿ ನೆಲ ನೋಡುತ್ತದೆ.

ಪರೀಕ್ಷೆ ಸರಳ. ತಿರುಪು ಹಾಕಿ, ಸುತ್ತು ಸುತ್ತಾಗಿ ನುಣ್ಣಗೆ ಏರುತ್ತಾ ಹೋಗಿ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಆಮೇಲೆ ತಿರುಗಿಸದೆ ನೇರ ಹಿಂದಕ್ಕೆ ಎಳೆಯಿರಿ. ಜಾರಿ ಬಂದರೆ ತಿರುಪಿನ ಸುತ್ತುಗೆರೆ, ಅಂದರೆ ಮರೆ, ಸವೆದಿದೆ, ಅಥವಾ ಆ ತಿರುಪು ಆ ಓಲೆಯದಲ್ಲ. ಕೈಯಲ್ಲಿ ಮಾಡಿದ ಓಲೆಗಳಲ್ಲಿ ಪ್ರತಿ ತಿರುಪನ್ನೂ ಅದರದೇ ಕಡ್ಡಿಗೆ ಹೊಂದಿಸಿರುತ್ತಾರೆ. ಎಡಬಲ ಬದಲಾದರೆ ಮರೆ ಬೇಗ ಹಾಳಾಗುತ್ತದೆ. ಒಂದಕ್ಕೆ ಸಣ್ಣ ಗುರುತು ಹಾಕಿಸಿಕೊಳ್ಳಿ.

ಬಿಲ್

ನಮ್ಮ ಓಲೆಯ ಒಟ್ಟು ಭಾರ 3.40 ಗ್ರಾಂ ಅಂತಿಟ್ಟುಕೊಳ್ಳಿ. ವಜ್ರ 1.01 ಕ್ಯಾರೆಟ್, ಅಂದರೆ ಸುಮಾರು 0.20 ಗ್ರಾಂ. ಚಿನ್ನದ ದರ ಹಾಕಬೇಕಾದದ್ದು 3.20 ಗ್ರಾಂಗೆ, ಅದೂ 18 ಕ್ಯಾರೆಟ್ ದರದಲ್ಲಿ. ಆ ಚಿನ್ನದಲ್ಲಿ ಅಪ್ಪಟ ಚಿನ್ನ 75 ಶೇಕಡಾ. 22 ಕ್ಯಾರೆಟ್ ದರ ಹಾಕಿದ್ದರೆ ತಿದ್ದಿಸಿ. ಕಲ್ಲನ್ನೂ ಚಿನ್ನದ ಜೊತೆ ತೂಗಿದ್ದರೆ ಅದಕ್ಕೆ ನೀವು ಎರಡು ಸಲ ದುಡ್ಡು ಕೊಟ್ಟಂತೆ.

ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಪ್ರತಿ ಕಲ್ಲಿನ ತೂಕ ಮತ್ತು ಸರ್ಟಿಫಿಕೇಟ್ ನಂಬರ್, ಮಜೂರಿ, 3 ಶೇಕಡಾ ಜಿಎಸ್‌ಟಿ ಬೇರೆ ಬೇರೆ ಇರಲಿ. ವಾಪಸ್ ಕೊಂಡರೆ ಎಷ್ಟು ಕಳೆಯುತ್ತಾರೆ ಅನ್ನುವುದನ್ನೂ ಬರೆಸಿಕೊಳ್ಳಿ. ಚಿನ್ನದ ಮೇಲೆ ಬಿಐಎಸ್ ಗುರುತು, 18ಕೆ750, ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. 2 ಗ್ರಾಂಗಿಂತ ಹಗುರದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ, ಹಾಗಾಗಿ ಪುಟ್ಟ ಓಲೆಗಳಲ್ಲಿ ಅದು ಇಲ್ಲದಿರಬಹುದು. ಒಂದು ಮಾತು: ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ವಜ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಕಿಕೊಳ್ಳಲು ಶುರು ಮಾಡಿದ ಮೇಲೆ

ವಜ್ರಕ್ಕೆ ಜಿಡ್ಡು ಬೇಗ ಹತ್ತುತ್ತದೆ. ತಲೆಗೆ ಎಣ್ಣೆ, ಮುಖಕ್ಕೆ ಅರಿಶಿನ ಹಚ್ಚುವ ನಮ್ಮ ಮನೆಗಳಲ್ಲಿ ಕಲ್ಲು ಮಂಕಾದರೆ ಆಶ್ಚರ್ಯ ಇಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ, ಹತ್ತು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್‌ನಿಂದ ಹಿಂಬದಿಯನ್ನು ಉಜ್ಜಿ. ಜಿಡ್ಡು ಹಿಂದೆಯೇ ಜಾಸ್ತಿ ಕೂರುವುದು. ಇದನ್ನು ಸಿಂಕಿನಲ್ಲಿ ಮಾಡಬೇಡಿ, ಬಟ್ಟಲಲ್ಲಿ ಮಾಡಿ. ನೀರು ಚೆಲ್ಲುವ ಮೊದಲು ಎರಡೂ ಕಲ್ಲು, ಎರಡೂ ತಿರುಪು ಇವೆಯಾ ಎಣಿಸಿ. ಕ್ಲೋಸ್ ಸೆಟ್ಟಿಂಗ್ ಓಲೆಯನ್ನು ಮಾತ್ರ ನೆನೆಸಬಾರದು, ಒದ್ದೆ ಬಟ್ಟೆಯಿಂದ ಮೇಲೆ ಒರೆಸಿ ಸಾಕು. ಬ್ಲೀಚ್ ಹತ್ತಿರವೂ ಬೇಡ, ಅದರ ಕ್ಲೋರಿನ್ ಪ್ರಾಂಗ್‌ನ ಚಿನ್ನವನ್ನು ದುರ್ಬಲ ಮಾಡುತ್ತದೆ.

ಸೆರಗಿನ ದಾರ, ಟವೆಲ್ಲಿನ ಎಳೆ, ಕೂದಲು ಪದೇಪದೇ ಓಲೆಗೆ ಸಿಕ್ಕಿಕೊಳ್ಳಲು ಶುರುವಾದರೆ ಯಾವುದೋ ಪ್ರಾಂಗ್ ಎದ್ದಿದೆ ಅಂತ ಅರ್ಥ. ಅಂದೇ ಓಲೆ ತೆಗೆದಿಡಿ. ಹಾಗೇನೂ ಆಗದಿದ್ದರೂ ವರ್ಷಕ್ಕೊಮ್ಮೆ ಅಕ್ಕಸಾಲಿಗರಿಗೆ ತೋರಿಸಿ. ಮಲಗುವಾಗ ದಿಂಬಿಗೆ ತಿಕ್ಕಿ ಪ್ರಾಂಗ್ ಸವೆಯುತ್ತದೆ, ತಿರುಪೂ ಸಡಿಲವಾಗುತ್ತದೆ. ರಾತ್ರಿ ತೆಗೆಯುವ ಅಭ್ಯಾಸ ಇಲ್ಲದವರು ಬೆಳಿಗ್ಗೆ ತಲೆ ಬಾಚುವಾಗ ಎರಡೂ ತಿರುಪನ್ನು ಒಮ್ಮೆ ಬೆರಳಿನಿಂದ ಬಿಗಿ ಮಾಡಿಕೊಳ್ಳಲಿ. ತೆಗೆದಿಡುವಾಗ ಒಂದೊಂದು ಓಲೆಯನ್ನು ಬೇರೆ ಬೇರೆ ಪುಟ್ಟ ಚೀಲದಲ್ಲಿ ಹಾಕಿ. ವಜ್ರ ವಜ್ರವನ್ನೂ ಗೀರುತ್ತದೆ, ಚಿನ್ನವನ್ನಂತೂ ಬಿಡುವುದಿಲ್ಲ. ರಿಪೇರಿಗೆ ಕೊಡುವಾಗ ಸರ್ಟಿಫಿಕೇಟ್ ನಂಬರ್‌ಗಳನ್ನು ರಸೀದಿಯ ಮೇಲೆ ಬರೆಸಿ. ವಾಪಸ್ ಪಡೆಯುವಾಗ ಲೂಪ್‌ನಲ್ಲಿ ಕಲ್ಲಿನ ಅಂಚಿನ ನಂಬರ್ ಮತ್ತೆ ಓದಿಸಿ.

ಕಲ್ಲು ಬಿದ್ದೇಹೋಯಿತು ಅಂದರೆ ಕಸ ಗುಡಿಸಬೇಡಿ, ನೀರು ಬಿಡಬೇಡಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಹಾಯಿಸಿ. ಕಲ್ಲು ಇದ್ದರೆ ಮಿಂಚುತ್ತದೆ. ಸಿಂಕಿನಲ್ಲಿ ಬಿದ್ದಿದ್ದರೆ ಮೊದಲು ಅದರ ಕೆಳಗಿನ ಬಾಗಿದ ಪೈಪ್ ಬಿಚ್ಚಿಸಿ, ಭಾರದ ವಸ್ತು ಅಲ್ಲೇ ತಂಗುತ್ತದೆ. ಸಿಗದಿದ್ದರೆ ಹೊಸ ಜೋಡಿ ಕೊಳ್ಳಬೇಕಿಲ್ಲ. ಕಳೆದುಹೋದ ಕಲ್ಲಿನ ಸರ್ಟಿಫಿಕೇಟ್‌ನಲ್ಲಿ ಅಗಲ, ಆಳ, ಟೇಬಲ್, ಬಣ್ಣ, ಫ್ಲೋರಸೆನ್ಸ್ ಎಲ್ಲ ಇವೆ. ಆ ಕಾಗದವನ್ನೂ ಉಳಿದ ಓಲೆಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ, ಅದೇ ಅಳತೆಯ ಒಂದು ಕಲ್ಲು ಹುಡುಕಿಸಿ. ಉಳಿದ ಕಲ್ಲಿನ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿದ ಮೇಲೆಯೇ ಕೂರಿಸಲು ಹೇಳಿ.